ಥೀಸಿಸ್‌ನ ಕೊನೆಯ ಸುಸ್ತಿಗೆ ನಿಮ್ಮ ಕಡೆ ಏನು ಗಾದೆ ಹೇಳ್ತಾರೆ?

ಕೊತ್ರೂಡ್ ಕಾವೇರಿ (ಪುಣೆ)
ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಜಯಪುರ, ಬೀಡ್ ಕಡೆಯಿಂದ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ ಬರುವ ಕುಟುಂಬಗಳ ಮೇಲೆ ನನ್ನ ಕೆಲಸ. ಅಧ್ಯಾಯಗಳೆಲ್ಲಾ ಬರೆದಾಯಿತು. ಪ್ರೀ-ಸಬ್‌ಮಿಷನ್ ಕೂಡ ಆಯಿತು. ಈಗ ಉಳಿದಿರುವುದು ಚಿಲ್ಲರೆ ಕೆಲಸ. ಕೋಷ್ಟಕಗಳ ನಂಬರ್, ಗ್ರಂಥಸೂಚಿ, ನಕಲು ಇದೆಯಾ ಅಂತ ನೋಡುವ ಸಿಮಿಲಾರಿಟಿ ರಿಪೋರ್ಟ್, ಸಹಿಗಳು. ಅದೇ ಮುಗಿಯುತ್ತಿಲ್ಲ. ಫೀಲ್ಡ್‌ನಲ್ಲಿ ಬಿಸಿಲಲ್ಲಿ ಓಡಾಡಿದಾಗಲೂ ಇಷ್ಟು ಸುಸ್ತಾಗಿರಲಿಲ್ಲ.

ನಮ್ಮ ವಿಭಾಗದ ಮರಾಠಿ ಗೆಳತಿಯರ ಹತ್ತಿರ ಇದಕ್ಕೆ ಒಂದು ಮಾತು ಸಿದ್ಧವಾಗಿದೆ. 'ಹತ್ತೀ ಗೇಲಾ, ಶೇಪೂಟ್ ರಾಹಿಲಂ.' ಆನೆ ಹೋಯಿತು, ಬಾಲ ಉಳಿಯಿತು. ಕೇಳಿದ ತಕ್ಷಣ ನನಗೂ ಹಿಡಿಸಿತು. ಕನ್ನಡದಲ್ಲಿ ಈ ಹಂತಕ್ಕೇ ಹೇಳುವ ಗಾದೆ ಯಾವುದು? ಸುಮ್ನೆ 'ತಾಳಿದವನು ಬಾಳಿಯಾನು' ಬೇಡ. ಅದನ್ನು ಯಾವ ಕಷ್ಟಕ್ಕಾದರೂ ಹೇಳಬಹುದು. ಮುಕ್ಕಾಲು ಮುಗಿದ ಮೇಲೆ ಬರುವ ಸುಸ್ತಿಗೇ ಒಂದು ಬೇಕು.

ಸೊಲ್ಲಾಪುರದ ಸಂಗಣ್ಣ
ಆನೆ-ಬಾಲ ನಮ್ಮದೇ ಗಾದೆ ಅಕ್ಕಾ. ನಮ್ಮ ಅಜ್ಜಿ 'ಆನಿ ಹೋಗಿ ಬಾಲ ಉಳೀತು' ಅಂತಿದ್ದರು. ಮರಾಠಿಯವರು ನಮ್ಮಿಂದ ತೆಗೆದುಕೊಂಡಿದ್ದಾರೆ.

ಠಾಣೆ ಶ್ರೀಧರ
ಸಂಗಣ್ಣ, ಹಿಂದಿಯಲ್ಲೂ 'ಹಾಥೀ ನಿಕಲ್ ಗಯಾ, ದುಮ್ ರಹ ಗಯೀ' ಇದೆಯಲ್ಲ. ಅವರೂ ನಿಮ್ಮ ಅಜ್ಜಿಯಿಂದ ತೆಗೆದುಕೊಂಡರಾ? ಸೊಲ್ಲಾಪುರದಲ್ಲಿ ಯಾವ ಗಾದೆ ಯಾರ ಮನೆಯಿಂದ ಯಾರ ಮನೆಗೆ ಹೋಯಿತು ಅಂತ ಹೇಳುವುದು ಕಷ್ಟ.

ಸೊಲ್ಲಾಪುರದ ಸಂಗಣ್ಣ
ಹಿಂದಿ ವಿಷಯ ನನಗೆ ಬೇಡ. ನಮ್ಮ ಮನೆಯಲ್ಲಿ ಮರಾಠಿ ಬಾರದವರೂ ಇದನ್ನು ಹೇಳುತ್ತಿದ್ದರು. ಅಷ್ಟು ಸಾಕು.

ಹಿಂಜವಡಿ ಹುಡುಗ
ಸಾಫ್ಟ್‌ವೇರ್‌ನವರು ಇದನ್ನು ಯಾವಾಗಲೋ ಹೇಳಿಬಿಟ್ಟಿದ್ದಾರೆ. ಶೇಕಡಾ 90 ಕೆಲಸಕ್ಕೆ ಶೇಕಡಾ 10 ಸಮಯ, ಉಳಿದ 10 ಕೆಲಸಕ್ಕೆ ಶೇಕಡಾ 90 ಸಮಯ. ಮರ್ಫಿ ನಿಯಮ ಅಂತಾರೆ.

ಠಾಣೆ ಶ್ರೀಧರ
ಅದು ಮರ್ಫಿ ಅಲ್ಲ. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೆಸರಲ್ಲಿ 1985ರಲ್ಲಿ ಅಚ್ಚಾದ ಮಾತು. ಲೆಕ್ಕವೂ ನೀವು ಹೇಳಿದ ಹಾಗಿಲ್ಲ. ಮೊದಲ 90 ಭಾಗ ಕೋಡ್‌ಗೆ ಶೇಕಡಾ 90 ಸಮಯ ಹೋಗುತ್ತದೆ, ಉಳಿದ 10 ಭಾಗಕ್ಕೆ ಇನ್ನೂ ಶೇಕಡಾ 90 ಸಮಯ ಹೋಗುತ್ತದೆ. ಕೂಡಿಸಿದರೆ 180. ಅಂದುಕೊಂಡಿದ್ದ ಸಮಯದ ಹತ್ತಿರ ಹತ್ತಿರ ಎರಡರಷ್ಟು. ಮಾತಿನ ಜೀವ ಆ 180ರಲ್ಲಿದೆ. ನೀವು ಅದನ್ನು 100ಕ್ಕೆ ಸರಿಮಾಡಿಬಿಟ್ಟರೆ ಏನೂ ಉಳಿಯುವುದಿಲ್ಲ.

ಚೀನೀ ಭಾಷೆಯಲ್ಲೂ ಇಂಥದ್ದೇ ಹಳೇ ಮಾತಿದೆ. ನೂರು ಹರದಾರಿ ನಡೆಯುವವನಿಗೆ ತೊಂಬತ್ತು ಅಂದರೆ ಅರ್ಧ ದಾರಿ.

ಹಿಂಜವಡಿ ಹುಡುಗ
ಸರಿ ಸರ್. ಆದರೆ ಕಾವೇರಿ ಅಕ್ಕ ಕೇಳಿದ್ದು ಕನ್ನಡದ್ದು. ಚೀನಾಕ್ಕೆ ಯಾಕೆ ಹೋದಿರಿ?

ವಿರಾರ್ ವೆಂಕಟೇಶ
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು! ಇದಕ್ಕಿಂತ ಇನ್ನೇನು ಬೇಕು? ನಮ್ಮ ಬಿಲ್ಡಿಂಗ್ ಎದ್ದು ನಿಂತಿದೆ, ಲಿಫ್ಟ್ ಓಡುತ್ತಿದೆ, ಬಣ್ಣ ಕೂಡ ಹೊಡೆದಾಗಿದೆ. ವಾಸಕ್ಕೆ ಒಪ್ಪಿಗೆ ಕೊಡುವ ಓಸಿ ಮಾತ್ರ ಬಂದಿಲ್ಲ. ಅದೊಂದು ಕಾಗದ ಇಲ್ಲದೆ ಬಾಡಿಗೆ ಮನೆ ಬಿಡುವ ಹಾಗಿಲ್ಲ. ಇಎಂಐ ಬೇರೆ, ಬಾಡಿಗೆ ಬೇರೆ. ಬಿಲ್ಡರ್‌ಗೆ ಫೋನ್ ಮಾಡಿದರೆ 'ಮುಂದಿನ ವಾರ' ಅಂತಾನೆ. ಓಸಿ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದೀರಾ ಇಲ್ಲಿ?

ಕೊತ್ರೂಡ್ ಕಾವೇರಿ (ಪುಣೆ)
ವೆಂಕಟೇಶ ಅಣ್ಣ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ 'ಮನೆ ಕಟ್ಟಿ ನೋಡು' ಇಡೀ ಕೆಲಸದ ಕಷ್ಟಕ್ಕೆ ಹೇಳುವುದು. ಮರಾಠಿಯಲ್ಲೂ ಅದೇ ಗಾದೆ ಇದೆ. ಕೊನೆಯ ಹಂತದ ಬಗ್ಗೆ ಅದು ಏನೂ ಹೇಳುವುದಿಲ್ಲ, ಅಲ್ವಾ?

ಡೊಂಬಿವಲಿ ಮೇಷ್ಟ್ರು
ಕಾವೇರಿಯವರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ನಾನು ನಿವೃತ್ತ ಅಧ್ಯಾಪಕ, ಕೆಲವರಿಗೆ ಗೈಡ್ ಆಗಿದ್ದೆ. ನನ್ನ ಪ್ರಕಾರ ನೀವು ಹುಡುಕುತ್ತಿರುವ ಗಾದೆ ಇದು: 'ಮಳೆ ನಿಂತರೂ ಮರದ ಹನಿ ನಿಲ್ಲದು.'

ಯಾಕೆ ಅಂತ ಹೇಳುತ್ತೇನೆ. ಬಾಲದ ಗಾದೆಯಲ್ಲಿ ಉಳಿದಿರುವುದು ಒಂದೇ ವಸ್ತು. ಅದು ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿದರೆ ಕೆಲಸ ಮುಗಿಯಿತು. ಒಂದು ಸಹಿ ಬಾಕಿ ಇದ್ದಾಗ ಅದು ಸರಿಯಾದ ಮಾತು. ನಿಮ್ಮ ಪಟ್ಟಿ ನೋಡಿ. ನಂಬರ್, ಗ್ರಂಥಸೂಚಿ, ರಿಪೋರ್ಟ್. ಒಂದೊಂದೂ ಚಿಕ್ಕದು, ಒಂದು ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು. ದೊಡ್ಡ ಮಳೆ ನಿಂತಿದೆ ಅಂತ ಊರಿಗೆಲ್ಲಾ ಗೊತ್ತು. ಹಾಗಾಗಿ 'ಇನ್ನೂ ಯಾಕೆ ಒದ್ದೆ?' ಅಂತ ಕೇಳುತ್ತಾರೆ. ಮರದ ಕೆಳಗೆ ನಿಂತವರಿಗೆ ಮಾತ್ರ ಹನಿ ಬೀಳುವುದು ಗೊತ್ತಾಗುತ್ತದೆ.

ಸುಸ್ತಿಗೂ ಕಾರಣ ಅದರಲ್ಲೇ ಇದೆ. ಅಧ್ಯಾಯ ಬರೆಯುವಾಗ ಸಂಜೆಗೆ ಪುಟ ಕಾಣುತ್ತಿತ್ತು. ಈಗ ಇಡೀ ದಿನ ಕೂತರೂ ಪುಟಗಳ ಸಂಖ್ಯೆ ಅಷ್ಟೇ ಇರುತ್ತದೆ. ಮಾಡಿದ್ದು ಕಣ್ಣಿಗೆ ಕಾಣುವುದಿಲ್ಲ.

ವಾಸ್ಕೊ ವನಜಾ (ಗೋವಾ)
ಮೇಷ್ಟ್ರೇ, ಎಷ್ಟು ಸರಿಯಾಗಿ ಹೇಳಿದಿರಿ! ನನ್ನ ಯಜಮಾನರು ಇಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಎಲೆಕ್ಟ್ರಿಷಿಯನ್. ಹಡಗು ನೀರಿಗೆ ಇಳಿಸುವ ದಿನ ತೆಂಗಿನಕಾಯಿ ಒಡೆಯುತ್ತಾರೆ, ಸಿಹಿ ಹಂಚುತ್ತಾರೆ. ಫೋಟೋ ನೋಡಿದವರು ಹಡಗು ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಇವರ ಕೆಲಸ ಜೋರಾಗುವುದೇ ಆಮೇಲೆ. ಒಳಗೆ ಕೇಬಲ್ ಎಳೆಯಬೇಕು, ಪಂಪು, ದೀಪ, ಅಲಾರ್ಮ್ ಎಲ್ಲಾ ಜೋಡಿಸಿ ಪರೀಕ್ಷೆ ಮಾಡಬೇಕು. ಸಮುದ್ರಕ್ಕೆ ಒಯ್ದು ಓಡಿಸಿ ನೋಡುತ್ತಾರೆ. ಸರ್ವೇಯರ್ ಬಂದು ತಪ್ಪುಗಳ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯ ಕೊನೆಯ ಸಾಲು ಹೊಡೆದು ಹಾಕುವ ತನಕ ಮನೆಯಲ್ಲಿ ಇವರ ಮುಖ ಸರಿ ಇರುವುದಿಲ್ಲ. ಈ ಗಾದೆ ಇವತ್ತೇ ಹೇಳುತ್ತೇನೆ ಅವರಿಗೆ.

ಬೆಳಗಾವಿಯ ಬಸವರಾಜ, ಈಗ ಪಿಂಪ್ರಿ
ಗಾದೆ ಎಲ್ಲಾ ಸರಿ. ಕೆಲಸ ಮುಗಿಸುವುದು ನೋಡಿ ಮೊದಲು. ಪುಣೆಯಲ್ಲಿ ಟೈಪಿಂಗ್ ಮಾಡಿಕೊಡುವವರು ಬೇಕಾದಷ್ಟಿದ್ದಾರೆ. ಅಪ್ಪಾ ಬಳವಂತ ಚೌಕದ ಕಡೆ ವಿಚಾರಿಸಿ.

ಕೊತ್ರೂಡ್ ಕಾವೇರಿ (ಪುಣೆ)
ಬಸವರಾಜ ಅವರೇ, ಟೈಪಿಂಗ್ ಆಗಿದೆ. ತೊಂದರೆ ಬೇರೆ ಥರದ್ದು. ಪ್ರೀ-ಸಬ್‌ಮಿಷನ್‌ನಲ್ಲಿ ಸಮಿತಿಯವರು ಮೂರನೇ ಅಧ್ಯಾಯದ ಒಂದು ಕೋಷ್ಟಕ ತೆಗೆಯಿರಿ ಅಂದರು. ಮುಂಗಡ ಹಣದ ಲೆಕ್ಕ ಅದರಲ್ಲೂ ಇತ್ತು, ಮುಂದಿನದರಲ್ಲೂ ಇತ್ತು. ತೆಗೆದೆ. ಈಗ 3.4 ಇದ್ದದ್ದು 3.3 ಆಯಿತು, 3.5 ಇದ್ದದ್ದು 3.4. ಆದರೆ ಐದನೇ ಅಧ್ಯಾಯದಲ್ಲಿ 'ಕೋಷ್ಟಕ 3.4ರಲ್ಲಿ ನೋಡಿದಂತೆ' ಅಂತ ಇದೆ. ಅದು ಈಗ ಬೇರೆ ಕೋಷ್ಟಕವನ್ನು ತೋರಿಸುತ್ತದೆ. ಓದುತ್ತಾ ಹೋದರೆ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಸರಿಮಾಡಿದರೆ ಇನ್ನೊಂದು ಸಿಗುತ್ತದೆ. ಮೇಷ್ಟ್ರು ಹೇಳಿದ ಮರದ ಹನಿ ಇದೇ.

ಹಿಂಜವಡಿ ಹುಡುಗ
ಅಕ್ಕಾ, ವರ್ಡ್‌ನಲ್ಲಿ ಬರೆದಿದ್ದೀರಾ? ನಂಬರ್‌ಗಳನ್ನು ಕೈಯಾರೆ ಟೈಪ್ ಮಾಡಿದ್ದೀರಾ, ಅಥವಾ Cross-reference ಹಾಕಿದ್ದೀರಾ? Cross-reference ಆಗಿದ್ದರೆ Ctrl+A ಒತ್ತಿ F9 ಒತ್ತಿ. ಎಲ್ಲಾ ಹೊಸ ನಂಬರ್ ಆಗುತ್ತದೆ. ಆಮೇಲೆ 'Error! Reference source not found.' ಅಂತ ಹುಡುಕಿ. ತೆಗೆದು ಹಾಕಿದ ಕೋಷ್ಟಕವನ್ನು ಎಲ್ಲೆಲ್ಲಿ ಹೆಸರಿಸಿದ್ದೀರೋ ಅಲ್ಲಿ ಅದು ಬಂದಿರುತ್ತದೆ.

ಕೊತ್ರೂಡ್ ಕಾವೇರಿ (ಪುಣೆ)
ಮೊದಲ ಎರಡು ಅಧ್ಯಾಯಕ್ಕೆ ಹಾಗೆ ಹಾಕಿದ್ದೆ. ಉಳಿದವು ಫೀಲ್ಡ್‌ನಲ್ಲಿದ್ದಾಗ ಬೇರೆ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು, ಎಲ್ಲಾ ಕೈಯಾರೆ ಟೈಪ್ ಮಾಡಿದ್ದು.

ಡೊಂಬಿವಲಿ ಮೇಷ್ಟ್ರು
ಹಾಗಿದ್ದರೆ ಈಗ ಹೊಸದಾಗಿ ತಂತ್ರಾಂಶ ಕಲಿಯಲು ಕೂರಬೇಡಿ. ಅದಕ್ಕೇ 'ಯುದ್ಧಕಾಲೇ ಶಸ್ತ್ರಾಭ್ಯಾಸ' ಅನ್ನುವುದು. ಪುಟಪುಟ ಓದಬೇಡಿ. ಬರೆದವರ ಕಣ್ಣು ತಾನು ಬರೆಯಬೇಕೆಂದಿದ್ದನ್ನೇ ಓದುತ್ತದೆ. ಕೋಷ್ಟಕಗಳ ಹೊಸ ಪಟ್ಟಿಯನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಹಳೇ ನಂಬರ್, ಹೊಸ ನಂಬರ್, ಎರಡೂ. ಆಮೇಲೆ ಫೈಲಿನಲ್ಲಿ '3.' ಅಂತ ಹುಡುಕಿ. ಸಿಕ್ಕ ಪ್ರತಿಯೊಂದು ಜಾಗದಲ್ಲಿ ವಾಕ್ಯ ಓದಿ, ಅದು ಯಾವ ಕೋಷ್ಟಕದ ಬಗ್ಗೆ ಅಂತ ನೋಡಿ, ನಂಬರ್ ಬದಲಿಸಿ, ಹಳದಿ ಬಣ್ಣ ಹಚ್ಚಿ. 'ಎಲ್ಲಾ ಒಂದೇ ಸಲ ಬದಲಿಸು' ಬಟನ್ ಒತ್ತಲೇಬೇಡಿ. 3.5 ಎಲ್ಲಾ 3.4 ಆಗುತ್ತದೆ, ಅಷ್ಟರಲ್ಲಿ ಮೊದಲಿನ 3.4 ಅಲ್ಲೇ ಇದ್ದರೆ ಯಾವುದು ಹಳೆಯದು, ಯಾವುದು ಹೊಸದು ಅಂತ ಗೊತ್ತಾಗುವುದಿಲ್ಲ. ಕೊನೆಗೆ ಹಳದಿ ಇಲ್ಲದ '3.' ಒಂದೂ ಇರಬಾರದು. ಅದಾದರೆ ಆ ಹನಿ ನಿಂತಿತು.

ಕಲೀನಾ ಕಮಲಾ
ಕಾವೇರಿ, ನಾನು ಮುಂಬಯಿಯಲ್ಲಿ ಥೀಸಿಸ್ ಕೊಟ್ಟು ಕಾಯುತ್ತಿದ್ದೇನೆ. ನನ್ನ ಹಂತಕ್ಕೆ ನಮ್ಮ ದೊಡ್ಡಮ್ಮ ಹೇಳುವುದು ಬೇರೆ. 'ಬೇಯೋ ತನಕ ಇದ್ದವಳಿಗೆ ಆರೋ ತನಕ ಇರೋಕಾಗಲ್ವಾ?' ಅನ್ನ ಬೇಯುವ ತನಕ ಕಾದಿದ್ದಾಯಿತು, ಆರುವ ತನಕ ಕಾಯಲು ಏನು ಕಷ್ಟ ಅಂತ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತು ಕೇಳಿದರೆ ನನಗೆ ಕೋಪ ಬರುತ್ತದೆ. ಅನ್ನ ತಾನಾಗಿಯೇ ಆರುತ್ತದೆ. ನನ್ನ ಫೈಲ್ ತಾನಾಗಿಯೇ ಎಲ್ಲೂ ಹೋಗುವುದಿಲ್ಲ.

ವಾಸ್ಕೊ ವನಜಾ (ಗೋವಾ)
ದೊಡ್ಡಮ್ಮ ಹೇಳಿದ್ದು ನಿಮ್ಮ ಸಮಾಧಾನಕ್ಕೆ ಕಮಲಾ. ಬೇಜಾರು ಮಾಡಿಕೊಳ್ಳಬೇಡಿ.

ಕಲೀನಾ ಕಮಲಾ
ಬೇಜಾರಿಲ್ಲ ವನಜಕ್ಕ. ಆದರೆ ಸಮಾಧಾನದ ಗಾದೆ ತಪ್ಪು ಜಾಗದಲ್ಲಿ ಬಿದ್ದರೆ ನಷ್ಟ ಆಗುತ್ತದೆ. 'ಕಾಯಬೇಕು' ಅಂದುಕೊಂಡು ಕೂತಿದ್ದೆ. ವಿಚಾರಿಸಿದಾಗ ಗೊತ್ತಾಯಿತು, ಪರೀಕ್ಷಕರಿಗೆ ಪ್ರತಿ ಹೋಗಿಯೇ ಇರಲಿಲ್ಲ. ಮರಾಠಿಯಲ್ಲಿ ಇದಕ್ಕೆ ಸರಿಯಾದ ಮಾತಿದೆ. 'ಭಿಜತ್ ಘೋಂಗಡಂ.' ಕಂಬಳಿ ನೆನೆಯುತ್ತಾ ಬಿದ್ದಿದೆ. ಯಾರೋ ಎತ್ತಿ ಹಿಂಡುವ ತನಕ ಅದು ಒಣಗುವುದಿಲ್ಲ.

ಸೊಲ್ಲಾಪುರದ ಸಂಗಣ್ಣ
ದೇವರು ವರ ಕೊಟ್ಟರೂ ಪೂಜಾರಿ ಕೊಡ!! ಆಫೀಸಿನವರದ್ದೇ ಎಲ್ಲಾ ಕಡೆ ಇದೇ ಕಥೆ.

ಶಿವಾಜಿನಗರ ಶಾಂತಾ
ಸಂಗಣ್ಣ, ನಾನು ಇಂಥದ್ದೇ ಒಂದು ಆಫೀಸಿನಲ್ಲಿ ಕೆಲಸ ಮಾಡಿದವಳು. ಈ ಗಾದೆ ಕೇಳಿ ಕೇಳಿ ಸಾಕಾಗಿದೆ. ನಮ್ಮ ಮೇಜಿನ ಮೇಲೆ ನಿಲ್ಲುವ ಥೀಸಿಸ್ ಫೈಲುಗಳಲ್ಲಿ ಜಾಸ್ತಿ ನಿಲ್ಲುವುದು ಯಾಕೆ ಗೊತ್ತಾ? ಗೈಡ್ ಸಹಿ ಒಂದು ಪುಟದಲ್ಲಿ ಇರುವುದಿಲ್ಲ. ನೋಂದಣಿ ಪತ್ರದಲ್ಲಿರುವ ಶೀರ್ಷಿಕೆ ಬೇರೆ, ರಟ್ಟಿನ ಮೇಲಿನ ಶೀರ್ಷಿಕೆ ಬೇರೆ. ನಡುವೆ ಒಂದು ಪದ ಬದಲಾಗಿರುತ್ತದೆ, ಬದಲಾವಣೆಗೆ ಒಪ್ಪಿಗೆ ಪತ್ರ ಇರುವುದಿಲ್ಲ. ನಾವು ಅದನ್ನು ಮುಂದೆ ಕಳಿಸಿದರೆ ಮೇಲಿನಿಂದ ವಾಪಸ್ ಬರುತ್ತದೆ. ಪೂಜಾರಿ ಏನು ಮಾಡಬೇಕು ಹೇಳಿ?

ಕಲೀನಾ ಕಮಲಾ
ಶಾಂತಕ್ಕ, ಕಾಗದ ಕಡಿಮೆ ಇದ್ದರೆ ಒಂದು ಫೋನ್ ಮಾಡಬಹುದಲ್ವಾ? ಹೇಳದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?

ಶಿವಾಜಿನಗರ ಶಾಂತಾ
ಮಾಡಬೇಕು, ಒಪ್ಪುತ್ತೇನೆ. ಎಲ್ಲರೂ ಮಾಡುವುದಿಲ್ಲ. ಅದಕ್ಕೇ ಫೈಲ್ ಕೊಡುವಾಗಲೇ ಎದುರಿಗೆ ಕೂತು ಪರಿಶೀಲನೆ ಮಾಡಿಸಿ, ಒಳಬಂದ ನಂಬರ್ ಬರೆಸಿಕೊಳ್ಳಿ. ಆಮೇಲೆ ಕೇಳುವಾಗ 'ನನ್ನ ಥೀಸಿಸ್ ಏನಾಯಿತು' ಅನ್ನಬೇಡಿ. 'ಪರೀಕ್ಷಕರ ಹೆಸರಿಗೆ ಒಪ್ಪಿಗೆ ಬಂದಿದೆಯಾ, ಪ್ರತಿ ಹೋಗಿದೆಯಾ, ಎಷ್ಟು ವರದಿ ಬಂದಿವೆ' ಅಂತ ಕೇಳಿ. ಉತ್ತರ ತಪ್ಪಿಸಲು ಆಗುವುದಿಲ್ಲ.

ಠಾಣೆ ಶ್ರೀಧರ
ಯುಜಿಸಿಯ 2022ರ ನಿಯಮದಲ್ಲಿ ಒಂದು ಸಾಲಿದೆ. ಥೀಸಿಸ್ ಕೊಟ್ಟ ದಿನದಿಂದ ಆರು ತಿಂಗಳೊಳಗೆ ವೈವಾ ಫಲಿತಾಂಶದ ತನಕ ಎಲ್ಲಾ ಮುಗಿಸುವ ಹಾಗೆ ವಿಶ್ವವಿದ್ಯಾಲಯ ವ್ಯವಸ್ಥೆ ಮಾಡಬೇಕು. ಕಮಲಾ ಅವರೇ, ಅನ್ನ ಆರಲು ಎಷ್ಟು ಹೊತ್ತು ಅಂತ ದೊಡ್ಡಮ್ಮ ಕೇಳಿದರೆ ಈ ಲೆಕ್ಕ ಹೇಳಿ. ಅರ್ಜಿಯಲ್ಲೂ ಅದನ್ನೇ ಬರೆಯಿರಿ.

ಶಿವಾಜಿನಗರ ಶಾಂತಾ
ಬರೆಯಲಿ. ಆದರೆ ಹೊರಗಿನ ಪರೀಕ್ಷಕರು ವರದಿ ಕಳಿಸದಿದ್ದರೆ ಆ ಸಾಲು ತೋರಿಸಿ ಏನೂ ಆಗುವುದಿಲ್ಲ.

ಪಣಜಿ ಪ್ರಸನ್ನ
ನಮ್ಮ ಲ್ಯಾಬಿನಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದು 'ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.' ಕೊನೆಯ ಹಂತದಲ್ಲಿ ಫಲಿತಾಂಶ ನೋಡಿ ಹೇಳಿದರು. ಇದೂ ಈ ಹಂತದ ಗಾದೆಯೇ ಅಲ್ವಾ?

ಡೊಂಬಿವಲಿ ಮೇಷ್ಟ್ರು
ಅಲ್ಲ ಪ್ರಸನ್ನ. ಅದು ಫಲಿತಾಂಶವನ್ನು ಅಳೆಯುವ ಮಾತು. ಸುಸ್ತಾಗಿ ಕೂತವರಿಗೆ ಅದನ್ನು ಹೇಳಲೇಬಾರದು. ಮರಾಠಿಯ 'ನಕಟೀಚ್ಯಾ ಲಗ್ನಾಲಾ ಸತ್ರಾಶೆ ವಿಘ್ನಂ' ಕೂಡ ಹಾಗೇ. ಕೆಲಸಕ್ಕೆ ಬಂದ ಅಡ್ಡಿಗಳನ್ನು ಹೇಳಲು ಹೋಗಿ ಚಪ್ಪಟೆ ಮೂಗಿನ ಹುಡುಗಿಯನ್ನು ಹೀಯಾಳಿಸುತ್ತದೆ.

ಬೆಳಗಾವಿಯ ಬಸವರಾಜ, ಈಗ ಪಿಂಪ್ರಿ
ಗಾದೆಯನ್ನು ಹಾಗೆಲ್ಲಾ ತೂಕ ಹಾಕಬಾರದು ಮೇಷ್ಟ್ರೇ. ನಮ್ಮ ಫ್ಯಾಕ್ಟರಿಯಲ್ಲಿ ದಿನಾ ಹೇಳುತ್ತಾರೆ. ಯಾರೂ ಹುಡುಗಿಯ ಮೂಗಿನ ಬಗ್ಗೆ ಯೋಚನೆ ಮಾಡುವುದಿಲ್ಲ.

ಕಲೀನಾ ಕಮಲಾ
ಹೇಳುವವರು ಯೋಚನೆ ಮಾಡುವುದಿಲ್ಲ. ಕೇಳುವವರು ಮಾಡುತ್ತಾರೆ.

ಠಾಣೆ ಶ್ರೀಧರ
ಮರಾಠಿಯದ್ದೇ ಇನ್ನೊಂದು ಒಳ್ಳೆಯದು: 'ನಮನಾಲಾ ಘಡಾಭರ್ ತೇಲ್.' ಆಟ ಶುರುವಾಗುವ ಮೊದಲು ದೇವರ ಸ್ತುತಿಗೇ ಒಂದು ಕೊಡ ಎಣ್ಣೆ ಉರಿಸಿಬಿಟ್ಟರು. ಥೀಸಿಸ್‌ನಲ್ಲಿ ಕೊನೆಯ ಸುಸ್ತು ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಹಿಂದಿನ ಸಂಶೋಧನೆಯ ಸಮೀಕ್ಷೆಗೆ ವರ್ಷಗಟ್ಟಲೆ ಕೂತಿರುತ್ತಾರೆ. ಕೊನೆಯ ಅಧ್ಯಾಯಕ್ಕೆ ಬರುವಾಗ ಸಮಯವೂ ಇಲ್ಲ, ಶಕ್ತಿಯೂ ಇಲ್ಲ. ಪರೀಕ್ಷಕರು ಮೊದಲು ತೆರೆಯುವುದು ಮಾತ್ರ ಆ ಕೊನೆಯ ಅಧ್ಯಾಯವನ್ನೇ.

ಡೊಂಬಿವಲಿ ಮೇಷ್ಟ್ರು
ಎಲ್ಲರೂ ಹಾಗೆ ತೆರೆಯುವುದಿಲ್ಲ ಶ್ರೀಧರ. ನಾನು ಮೊದಲು ಗ್ರಂಥಸೂಚಿ ನೋಡುತ್ತಿದ್ದೆ. ಆದರೆ ಗಾದೆ ಸರಿಯಾಗಿದೆ, ಒಪ್ಪಿದೆ.

ಹಿಂಜವಡಿ ಹುಡುಗ
ಕಾವೇರಿ ಅಕ್ಕಾ, ಸಿಮಿಲಾರಿಟಿ ಎಷ್ಟು ಬಂತು? ಶೇಕಡಾ 10 ದಾಟಿದರೆ ರಿಜೆಕ್ಟ್ ಅಂತಾರಲ್ಲ.

ಕೊತ್ರೂಡ್ ಕಾವೇರಿ (ಪುಣೆ)
ಮೊದಲ ಸಲ 10 ದಾಟಿತ್ತು. ಗ್ರಂಥಸೂಚಿ ಸೇರಿಸಿಯೇ ಓಡಿಸಿದ್ದರು. ಅದನ್ನು ಬಿಟ್ಟು ಓಡಿಸಿದ ಮೇಲೆ ಒಳಗೆ ಬಂತು. ಉಳಿದದ್ದರಲ್ಲಿ ಕಾನೂನಿನ ಹೆಸರುಗಳು, ಜಿಲ್ಲೆಗಳ ವಿವರ ಇಂಥದ್ದು.

ಠಾಣೆ ಶ್ರೀಧರ
2018ರ ಯುಜಿಸಿ ನಿಯಮದಲ್ಲಿ ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವೆಲ್ಲಾ ಲೆಕ್ಕದಿಂದ ಹೊರಗೆ. 10 ದಾಟಿದ ತಕ್ಷಣ ರಿಜೆಕ್ಟ್ ಅಲ್ಲ. 10ರಿಂದ 40ರ ತನಕ ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಆರು ತಿಂಗಳ ಮಿತಿ ಇದೆ.

ವಿರಾರ್ ವೆಂಕಟೇಶ
ಓಸಿ ಬಗ್ಗೆ ಯಾರೂ ಹೇಳಲಿಲ್ಲ.

ಶಿವಾಜಿನಗರ ಶಾಂತಾ
ವೆಂಕಟೇಶ, ಬಿಲ್ಡರ್ ಹತ್ತಿರ 'ಯಾವಾಗ' ಅಂತ ಕೇಳಬೇಡಿ. ಯಾವ ಇಲಾಖೆಯ ಎನ್‌ಒಸಿ ಬಾಕಿ ಇದೆ ಅಂತ ಕೇಳಿ. ಫೈರ್‌ನದ್ದಾ, ಲಿಫ್ಟ್‌ನದ್ದಾ, ನೀರಿನದ್ದಾ? ಲಿಖಿತದಲ್ಲಿ ಕೊಡಲು ಹೇಳಿ. ನಿಮ್ಮ ಪ್ರಾಜೆಕ್ಟ್ ಮಹಾರೇರಾದಲ್ಲಿ ನೋಂದಣಿ ಆಗಿದ್ದರೆ ಅಲ್ಲಿ ಮುಗಿಸುವ ದಿನಾಂಕ ಹಾಕಿರುತ್ತಾರೆ, ಅದನ್ನೂ ನೋಡಿ. ನಿಮ್ಮದು ನಿಜವಾಗಿ ಆನೆಯ ಬಾಲ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ಗೊತ್ತಾಗಬೇಕು.

ವಿರಾರ್ ವೆಂಕಟೇಶ
ತುಂಬಾ ಥ್ಯಾಂಕ್ಸ್ ಶಾಂತಕ್ಕ. ನಾಳೆಯೇ ಹೋಗುತ್ತೇನೆ.

ಪಣಜಿ ಪ್ರಸನ್ನ
ಮುಗಿದ ಮೇಲೆ ಹೇಳುವ ಮಾತು ಯಾರೂ ಬರೆಯಲಿಲ್ಲ. ಪುಣೆಯ ಗೆಳೆಯರು ನನಗೆ ಕಳಿಸಿದ್ದು 'ಏಕದಾಚಂ ಗಂಗೇತ್ ಘೋಡಂ ನ್ಹಾಲಂ.' ಅಂತೂ ಇಂತೂ ಕುದುರೆ ಗಂಗೆಯಲ್ಲಿ ಮಿಂದಿತು. ಎಳೆದು ಎಳೆದು ಕೊನೆಗೆ ಮುಗಿದ ಕೆಲಸಕ್ಕೇ ಹೇಳುವುದು. ಕನ್ನಡದಲ್ಲಿ?

ಸೊಲ್ಲಾಪುರದ ಸಂಗಣ್ಣ
ನಮ್ಮ ಕಡೆ 'ತೇರು ನೆಲೆ ಮುಟ್ಟಿತು' ಅಂತೀವಿ. ಜಾತ್ರೆಯಲ್ಲಿ ತೇರು ಹೋಗುವಾಗ ಎಲ್ಲರೂ ಹಗ್ಗ ಹಿಡಿಯುತ್ತಾರೆ. ವಾಪಸ್ ಎಳೆಯುವಾಗ ಜನ ಅರ್ಧ ಆಗಿರುತ್ತಾರೆ. ಅದಕ್ಕೇ ನೆಲೆ ಮುಟ್ಟಿದಾಗ ಕೂಗು ಜಾಸ್ತಿ.

ಡೊಂಬಿವಲಿ ಮೇಷ್ಟ್ರು
ಸಂಗಣ್ಣ, ಇದು ತುಂಬಾ ಒಳ್ಳೆಯ ಮಾತು. ಆದರೆ ಇದು ಗಾದೆಯಾ ಅಥವಾ ನಿಮ್ಮ ಊರಿನ ರೂಢಿಯ ಮಾತಾ?

ಸೊಲ್ಲಾಪುರದ ಸಂಗಣ್ಣ
ಊರಿಗೆ ಊರೇ ಹೇಳಿದರೆ ಅದೇ ಗಾದೆ ಮೇಷ್ಟ್ರೇ.

ಕೊತ್ರೂಡ್ ಕಾವೇರಿ (ಪುಣೆ)
ಎಲ್ಲರಿಗೂ ಧನ್ಯವಾದ. ಹಳೇ ನಂಬರ್, ಹೊಸ ನಂಬರ್ ಪಟ್ಟಿ ಮಾಡಿ ಮೂರನೇ ಅಧ್ಯಾಯ ಮುಗಿಸಿದೆ. ಐದನೆಯದರಲ್ಲಿ ಇನ್ನೂ ಹಳದಿ ಇಲ್ಲದವು ಇವೆ, ರಾತ್ರಿ ಕೂರುತ್ತೇನೆ. ಬೈಂಡಿಂಗ್ ಬಗ್ಗೆ ಒಂದು ಮಾತು ಹೇಳಿ. ಚಿನ್ನದ ಅಕ್ಷರದ ಗಟ್ಟಿ ರಟ್ಟು ಈಗಲೇ ಮಾಡಿಸಬೇಕಾ?

ಶಿವಾಜಿನಗರ ಶಾಂತಾ
ಬೇಡ ಬೇಡ. ನಿಮ್ಮ ವಿಶ್ವವಿದ್ಯಾಲಯದ ಸೂಚನೆ ಮೊದಲು ಓದಿ. ಎಷ್ಟೋ ಕಡೆ ಪರೀಕ್ಷಕರಿಗೆ ಮೆತ್ತನೆ ರಟ್ಟಿನ ಪ್ರತಿ ಸಾಕು. ವೈವಾದಲ್ಲಿ ತಿದ್ದುಪಡಿ ಹೇಳಿದರೆ ಗಟ್ಟಿ ರಟ್ಟು ಬಿಚ್ಚಿಸಿ ಮತ್ತೆ ಮಾಡಿಸಬೇಕಾಗುತ್ತದೆ. ರಟ್ಟಿನ ಮೇಲಿನ ಶೀರ್ಷಿಕೆಯನ್ನು ನೋಂದಣಿ ಪತ್ರ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ, ಆಮೇಲೇ ಅಂಗಡಿಗೆ ಕೊಡಿ.